ನನ್ ಪಕ್ಕ ಈಸೋ, ಆರೋ?

ಅಕ್ಕನ ಇಂಗ್ಲಿಷ್ ತರಗತಿ ಔಷಧಿ ಅಂಗಡಿಯ ಮಹಡಿಯ ಮೇಲಿತ್ತು. ಬರುವವರೆಲ್ಲ ವಿದೇಶದ ಕೆಲಸಕ್ಕೆ ಪರೀಕ್ಷೆ ಕಟ್ಟಿದ ನರ್ಸುಗಳು. ಅಕ್ಕನ ನಾಲಿಗೆಗೆ ಹೆದರಿ ಅವರು ಅವಳಿಗೆ ‘ಇಂಜೆಕ್ಷನ್’ ಎಂದು ಹೆಸರಿಟ್ಟಿದ್ದರು.

“ಎವ್ರಿ ಪೇಷಂಟ್ಸ್ ಹ್ಯಾವ್ ಅಂತೀರಲ್ಲ, ನಾಚಿಕೆ ಆಗಲ್ವಾ? ಕನ್ನಡದಲ್ಲಿ ‘ಪ್ರತಿಯೊಬ್ಬರೂ ಬಂದರು’ ಅಂತ ಬಹುವಚನ ಹಾಕಿದ ಹಾಗೆ ಇಂಗ್ಲಿಷಿನಲ್ಲಿ ಆಗಲ್ಲ. ಎವ್ರಿ ಪೇಷಂಟ್ ಹ್ಯಾಸ್. ಈಚ್ ಪೇಷಂಟ್ ಹ್ಯಾಸ್. ಈಚ್ ಆಫ್ ದ ಪೇಷಂಟ್ಸ್ ಅಂದ್ರೂ ಹ್ಯಾಸೇ. ಆಲ್ ದ ಪೇಷಂಟ್ಸ್, ಬೋತ್ ಪೇಷಂಟ್ಸ್ ಬಂದ್ರೆ ಮಾತ್ರ ಹ್ಯಾವ್!”

ಗಂಡ ಬಿಟ್ಟುಹೋದ ಮೇಲೆ ಹದಿನೈದು ವರ್ಷ ಈ ಗದರಿಕೆಯಿಂದಲೇ ಅವಳು ಬದುಕು ಕಟ್ಟಿಕೊಂಡಿದ್ದಳು. ಶಾಲೆಯ ಕೆಲಸ ಕಳೆದುಕೊಂಡ ತಂಗಿಯನ್ನೂ ತರಗತಿಯಲ್ಲಿ ಪಾಠದ ಸಹಾಯಕ್ಕೆ ಸೇರಿಸಿಕೊಂಡಿದ್ದಳು. ದಿನಕ್ಕೊಮ್ಮೆಯಾದರೂ ಅದನ್ನು ಆಡಿ ತೋರಿಸುತ್ತಿದ್ದಳು.

ಒಂದು ಸಂಜೆ ಹೆರಿಗೆ ವಾರ್ಡಿನ ನರ್ಸು ‘ನನ್ ಆಫ್ ದ ಡಾಕ್ಟರ್ಸ್ ಆರ್ ಹಿಯರ್’ ಎಂದು ಬರೆದಿದ್ದಳು. ಅಕ್ಕ ಕೆಂಪು ಶಾಯಿಯಲ್ಲಿ ‘ಆರ್’ ಅನ್ನು ಹೊಡೆದು ಹಾಕಿದಳು.

“ನನ್ ಅಂದ್ರೆ ಒಬ್ಬರೂ ಇಲ್ಲ ಅಂತ. ಈಸೇ ಬರಬೇಕು. ಇನ್ನೊಂದು ಸಲ ನಪಾಸಾಗೋ ಆಸೆನಾ?”

ಹಿಂದಿನ ಬೆಂಚಿನಲ್ಲಿದ್ದ ತಂಗಿ ಎದ್ದಳು. “ಅಕ್ಕಾ, ಅಲ್ಲಿ ಎರಡೂ ನಡೆಯತ್ತೆ. ಈಸ್ ಅಂದ್ರೂ ಸರಿ, ಆರ್ ಅಂದ್ರೂ ಸರಿ. ಹಾಲು, ನೀರಿನಂಥದ್ದಕ್ಕೆ ಮಾತ್ರ ಈಸೇ ಬೇಕು: ನನ್ ಆಫ್ ದ ಮಿಲ್ಕ್ ಈಸ್ ಲೆಫ್ಟ್.”

“ನಿನ್ನನ್ನ ಕೇಳಿದ್ಯಾರು?”

“ಸರಿಯಾಗಿ ಬರೆದವಳಿಗೆ ಬೈತಾ ಇದ್ದೀಯಲ್ಲ, ಅದಕ್ಕೇ ಹೇಳ್ದೆ.”

“ನನ್ನ ಅನ್ನ ತಿಂದು ನನಗೇ ಪಾಠ ಹೇಳ್ತೀಯಾ? ಇಳಿ ಕೆಳಗೆ!”

ತಂಗಿ ಚೀಲ ಹೆಗಲಿಗೇರಿಸಿಕೊಂಡಳು. “ಅನ್ನ ನಿಂದೇ ಇರಬಹುದು. ವ್ಯಾಕರಣ ನಿಮ್ಮಪ್ಪನ ಮನೆ ಆಸ್ತಿಯಲ್ಲ.”

“ನಮ್ಮಪ್ಪ ನಿನಗೂ ಅಪ್ಪನೇ ಕಣೇ!”

ನರ್ಸುಗಳಿಗೆ ನಗು ತಡೆಯಲಾಗಲಿಲ್ಲ. ಅಕ್ಕನ ಮುಖ ಕೆಂಡವಾಯಿತು. ಕೈಗೆ ಸಿಕ್ಕ ಡಸ್ಟರ್ ಬೀಸಿದಳು. ಅದು ಬಾಗಿಲಿಗೆ ಬಡಿದು ಸೀಮೆಸುಣ್ಣದ ಪುಡಿ ಎದ್ದಿತು. ತಂಗಿ ತಿರುಗಿಯೂ ನೋಡದೆ ಮೆಟ್ಟಿಲಿಳಿದಳು.

ಮನೆಗೆ ಬಂದ ಅಕ್ಕ ದಪ್ಪ ವ್ಯಾಕರಣ ಪುಸ್ತಕ ತೆರೆದಳು, ತಂಗಿಯ ಬಾಯಿ ಮುಚ್ಚಿಸಲು. ಎರಡೂ ರೂಪ ಸರಿ ಎಂದು ಅಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಇಷ್ಟು ವರ್ಷ ಎಷ್ಟು ಜನರ ಸರಿಯಾದ ವಾಕ್ಯ ಹೊಡೆದು ಹಾಕಿದ್ದೆನೋ ಎಂದು ಪಿಚ್ಚೆನಿಸಿತು. ಅದಕ್ಕಿಂತ ಹೆಚ್ಚಾಗಿ, ಅದು ತಂಗಿಯ ಬಾಯಿಂದ ಬಂತಲ್ಲ ಎಂದು ಮೈ ಉರಿಯಿತು.

ಮಾರನೆಯ ದಿನ ಹೆರಿಗೆ ವಾರ್ಡಿನ ನರ್ಸಿನ ಹಾಳೆ ಕೇಳಿ ಪಡೆದು, ಕೆಂಪು ಗೆರೆಯ ಪಕ್ಕ ‘ಸರಿ’ ಎಂದು ಬರೆದಳು.

“ನಿಮ್ಮ ತಂಗಿ ಹೇಳಿದ್ದೇ ಅಲ್ವಾ ಮೇಡಂ?” ಎಂದಳು ನರ್ಸು.

“ಪುಸ್ತಕ ಹೇಳಿದ್ದು,” ಎಂದಳು ಅಕ್ಕ. “ಕೂತ್ಕೊ.”

ತಿಂಗಳೊಳಗೆ ತಂಗಿ ಎದುರು ಬೀದಿಯಲ್ಲಿ ತನ್ನದೇ ತರಗತಿ ತೆರೆದಳು. ಅರ್ಧಕ್ಕರ್ಧ ನರ್ಸುಗಳು ಅತ್ತ ಹೋದರು. ಅಕ್ಕ ಆ ಕಡೆಯ ಕಿಟಕಿ ಮುಚ್ಚಿ ಮೊಳೆ ಹೊಡೆಸಿದಳು.