ಹಸು, ಸ್ಕೂಟರು ಮತ್ತು ನನ್ನ ಒದ್ದೆ ಕೈ

ಗಂಟೆಗಳ ಮೇಲೆ ನನಗೆ ಹಳೆಯ ಸಿಟ್ಟಿದೆ. ಶಾಲೆಯ ಗಂಟೆ, ಸೈಕಲ್ಲಿನ ಗಂಟೆ, ಐಸ್‌ಕ್ಯಾಂಡಿಯವನ ಗಂಟೆ, ಯಾವುದೂ ಇದಕ್ಕೆ ಹೊರತಲ್ಲ. ನಾನು ಬಿ.ಎಡ್. ಓದಿದ ವರ್ಷ ಅವೆಲ್ಲ ಸೇರಿ ನನ್ನ ಮಾನ ಕಳೆದವು.

ಎಂಬತ್ತರ ದಶಕದ ನಡುವಿನ ಮಾತು. ಬಸವೇಶ್ವರನಗರದ ಒಂದು ಮನೆಯ ಹಿಂದಿನ ಪೋರ್ಷನ್ನಿನಲ್ಲಿ ನಾವು ಬಾಡಿಗೆಗಿದ್ದೆವು. ನಾನು ದಿನಾ ರಾಜಾಜಿನಗರದ ಬಿ.ಎಡ್. ಕಾಲೇಜಿಗೆ ಹೋಗಿ ಬರುತ್ತಿದ್ದೆ. ಪಾಸಾಗಿ ಬಂದರೆ ಜೂನ್‌ನಿಂದ ಕೆಲಸ ಕೊಡುತ್ತೇನೆ ಎಂದು ವಿಜಯನಗರದ ಒಂದು ಶಾಲೆಯ ಹೆಡ್‌ಮಿಸ್ಟ್ರೆಸ್ಸು ಮಾತು ಕೊಟ್ಟಿದ್ದರು. ಅಪ್ಪ ಆಗಲೇ ಬೀದಿಯವರಿಗೆಲ್ಲ ಮಗಳು ಟೀಚರ್ ಆದಳು ಎಂದು ಹೇಳಿಕೊಂಡು ತಿರುಗುತ್ತಿದ್ದರು. ಟೀಚರ್ ಆಗಲು ಮಧ್ಯೆ ಒಂದು ಪರೀಕ್ಷೆ ಇದೆ ಎಂಬುದು ಅವರಿಗೆ ಸಣ್ಣ ವಿಷಯ.

ಆ ಪರೀಕ್ಷೆಗೂ ಮೊದಲು ಇನ್ನೊಂದು ಗಂಡಾಂತರವಿತ್ತು, ಮನೋವಿಜ್ಞಾನದ ರೆಕಾರ್ಡ್ ಬುಕ್ಕು. ಕಲಿಕೆ ಎರಡು ಬಗೆಯ ಅನುಬಂಧನದಿಂದ ಆಗುತ್ತದೆ ಎಂದು ನಮ್ಮ ಮೇಷ್ಟ್ರು ಪಾಠ ಮಾಡಿದ್ದರು. ಒಂದು ಶಾಸ್ತ್ರೀಯ, ಇನ್ನೊಂದು ಕ್ರಿಯಾಜನ್ಯ. ಪ್ರತಿಯೊಬ್ಬರೂ ತಮ್ಮ ಮನೆ, ಬೀದಿಯಿಂದ ಹತ್ತು ಉದಾಹರಣೆ ಹೆಕ್ಕಿ, ಯಾವುದು ಯಾವ ಬಗೆ, ಯಾಕೆ ಎಂದು ಬರೆಯಬೇಕಿತ್ತು. ಪುಸ್ತಕದಲ್ಲಿರುವುದನ್ನು ಬರೆಯುವಂತಿಲ್ಲ. ಅವರ ಸಹಿ ಇಲ್ಲದೆ ಹಾಲ್‌ಟಿಕೆಟ್ ಇಲ್ಲ.

ಪುಸ್ತಕದಲ್ಲಿದ್ದದ್ದು ಒಂದು ನಾಯಿ, ಒಂದು ಇಲಿ. ನಾಯಿಗೆ ಊಟ ಕೊಡುವ ಮುಂಚೆ ಗಂಟೆ ಬಾರಿಸುತ್ತಾರೆ. ಕೆಲವು ದಿನವಾದ ಮೇಲೆ ಬರೀ ಗಂಟೆ ಕೇಳಿದರೂ ಅದರ ಬಾಯಲ್ಲಿ ಜೊಲ್ಲು ಸುರಿಯುತ್ತದೆ. ಇದು ಶಾಸ್ತ್ರೀಯ. ಇಲಿ ಪೆಟ್ಟಿಗೆಯೊಳಗೆ ಓಡಾಡುತ್ತ ಒಂದು ಸನ್ನೆಕೋಲನ್ನು ಒತ್ತುತ್ತದೆ, ಕಾಳು ಬೀಳುತ್ತದೆ, ಮತ್ತೆ ಮತ್ತೆ ಒತ್ತಲು ಕಲಿಯುತ್ತದೆ. ಇದು ಕ್ರಿಯಾಜನ್ಯ. ನಾನು ಬುದ್ಧಿವಂತೆ ನೋಡಿ, ಗಂಟೆ ಇದ್ದರೆ ಮೊದಲನೆಯದು, ಗಂಟೆ ಇಲ್ಲದೆ ತಿನ್ನುವುದೇನಾದರೂ ಇದ್ದರೆ ಎರಡನೆಯದು ಎಂದು ತೀರ್ಮಾನ ಮಾಡಿಕೊಂಡೆ. ಗಂಟೆ ಹುಡುಕುತ್ತ ಇಡೀ ಬಡಾವಣೆ ಸುತ್ತಿದೆ.

ಐಸ್‌ಕ್ಯಾಂಡಿಯವನ ಗಂಟೆಗೆ ಹುಡುಗರು ಮನೆಯಿಂದ ಓಡಿಬರುತ್ತಾರೆ, ಶಾಸ್ತ್ರೀಯ. ಶಾಲೆಯ ಕೊನೆಯ ಗಂಟೆಗೆ ಚೀಲ ತುಂಬುತ್ತಾರೆ, ಶಾಸ್ತ್ರೀಯ. ಸಾರಿನ ಒಗ್ಗರಣೆ ಚಟಪಟ ಎಂದರೆ ಅಪ್ಪನ ಬಾಯಲ್ಲಿ ನೀರೂರುತ್ತದೆ. ಗಂಟೆ ಇಲ್ಲ, ಊಟ ಇದೆ, ಆದ್ದರಿಂದ ಕ್ರಿಯಾಜನ್ಯ. ದುಂಡಗಿನ ಅಕ್ಷರದಲ್ಲಿ ಬರೆದು, ಕಂದು ಕಾಗದದ ರಟ್ಟು ಹಾಕಿ, ಹೆಮ್ಮೆಯಿಂದ ಕೊಟ್ಟೆ.

ಮೇಷ್ಟ್ರು ಅದನ್ನು ತರಗತಿಯಲ್ಲೇ ತೆರೆದರು. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ಧ್ವನಿಯ ಮನುಷ್ಯ. ಎರಡು ಪುಟ ಓದಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಹಸು ಕೈಲಿ ಬರೆಸಿದ್ರೂ ಇದಕ್ಕಿಂತ ವಾಸಿ ಇರ್ತಿತ್ತು ಕಣಮ್ಮ."

ಇಡೀ ಕ್ಲಾಸು ನಕ್ಕಿತು. ಪುಸ್ತಕ ಮೇಜಿನ ಮೇಲೆ ಧೊಪ್ಪನೆ ಬಿತ್ತು. ಒಳಗೆ ಕೆಂಪು ಶಾಯಿಯಲ್ಲಿ ಒಂದೇ ಸಾಲು: ಗಂಟೆ ಇದ್ದ ಮಾತ್ರಕ್ಕೆ ಶಾಸ್ತ್ರೀಯವೇ? ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಇವತ್ತಿಗೂ ನೆನೆದರೆ ಸ್ವಲ್ಪ ಉರಿಯುತ್ತದೆ.

ಆಮೇಲಿನ ವಾರವೂ ಎರಡು ಸಲ ಇದೇ ನೆವದಲ್ಲಿ ಬೈಸಿಕೊಂಡೆ. ಅಷ್ಟರಲ್ಲಿ ಒಂದು ವಿಚಿತ್ರ ಶುರುವಾಗಿತ್ತು. ಮೇಷ್ಟ್ರ ಸ್ಕೂಟರು ಕೆಮ್ಮುತ್ತ ಕಾಲೇಜಿನ ಗೇಟು ದಾಟಿದರೆ ಸಾಕು, ಮಹಡಿಯ ಮೇಲೆ ಕೂತ ನನ್ನ ಅಂಗೈ ಒದ್ದೆಯಾಗುತ್ತಿತ್ತು. ಎದೆ ಢವಢವ ಎನ್ನುತ್ತಿತ್ತು. ವರ್ಷದ ಮೊದಲಲ್ಲಿ ಅದೇ ಸ್ಕೂಟರಿನ ಸದ್ದು ಕೇಳಿ ನಾವೆಲ್ಲ ನಗುತ್ತಿದ್ದೆವು. ಈಗ ನಾನು ಸದ್ದು ಕೇಳಿದ ಕೂಡಲೇ ಪುಸ್ತಕ ಎತ್ತಿಕೊಂಡು ಹಿಂದಿನ ಮೆಟ್ಟಿಲಿಳಿದು ಲೈಬ್ರರಿಗೆ ಹೋಗಿ ಕೂರುತ್ತಿದ್ದೆ. ಕೂತ ತಕ್ಷಣ ಎದೆ ಹಗುರವಾಗುತ್ತಿತ್ತು, ಆಹಾ ಎಂಥ ನೆಮ್ಮದಿ. ಮೊದಲು ವಾರಕ್ಕೊಂದು ಸಲ ಹಾಗೆ ಮಾಡಿದೆ, ಆಮೇಲೆ ಎರಡು ಸಲ, ಕೊನೆಗೆ ಅವರ ಒಂದು ಪಾಠಕ್ಕೂ ಕೂರಲಿಲ್ಲ. ರೆಕಾರ್ಡ್ ಬುಕ್ಕು ಚೀಲದಲ್ಲೇ ಉಳಿಯಿತು. ಸಹಿಗೆ ಶನಿವಾರ ಕೊನೆಯ ದಿನ ಎಂದು ನೋಟಿಸು ಬಿದ್ದಾಗ ಉಳಿದಿದ್ದು ಮೂರು ದಿನ.

ನನ್ನನ್ನು ಪಾರು ಮಾಡಿದ್ದು ನಿಜವಾಗಿಯೂ ಒಂದು ಹಸು.

ನಮ್ಮ ಮನೆ ಓನರ್ ಅಜ್ಜಿಯದು ಅಲ್ಲಿನ ಹಳೆಯ ಊರಿನ ಒಕ್ಕಲು ಮನೆತನ. ಹೊಲಗಳು ಸೈಟುಗಳಾದರೂ ಒಂದು ಹಸುವನ್ನು ಬಿಡದೆ ಹಿತ್ತಲಿನ ತಗಡಿನ ಕೊಟ್ಟಿಗೆಯಲ್ಲಿ ಕಟ್ಟಿಕೊಂಡಿದ್ದರು. ನೋಟಿಸು ಬಿದ್ದ ಮರುದಿನ ಬೆಳಗ್ಗೆ ಪಾತ್ರೆ ಹಿಡಿದು ಹಾಲಿಗೆ ಹೋದೆ. ಅಜ್ಜಿ ಇನ್ನೂ ಕೊಟ್ಟಿಗೆಗೆ ಬಂದಿರಲಿಲ್ಲ, ನಲ್ಲಿಯ ಹತ್ತಿರ ಬಕೆಟ್ಟು ತೊಳೆಯುತ್ತಿದ್ದರು. ಬಕೆಟ್ಟಿನ ಹಿಡಿ ಟಣಕ್ ಎಂದಿತು. ಇತ್ತ ಹಸುವಿನ ಮೊಲೆಯಿಂದ ಹಾಲು ತೊಟತೊಟ ನೆಲಕ್ಕೆ ಸೋರತೊಡಗಿತು. ಎಂಥ ಬುದ್ಧಿವಂತ ಹಸು ಅಜ್ಜಿ ಎಂದೆ.

"ಬುದ್ಧಿ ಎಲ್ಲಿ ಬಂತು ಕಣವ್ವ," ಎಂದರು ಅಜ್ಜಿ. "ಬಕೆಟ್ ಸದ್ದು ಕೇಳಿದ್ರೆ ಹಾಲು ತಾನಾಗೇ ಇಳಿದ್ಬಿಡತ್ತೆ. ಅದು ಬ್ಯಾಡ ಅಂದ್ರೂ ನಿಲ್ಲಲ್ಲ."

ಹಾಲು ಕರೆದು ಅಜ್ಜಿ ಎದ್ದರು. ಹಸು ತಲೆ ತಿರುಗಿಸಿ, ಕೊಂಬಿನಿಂದ ತಗಡಿನ ಬಾಗಿಲಿಗೆ ಢಣ್ ಢಣ್ ಎಂದು ಗುದ್ದಿತು. ಅಜ್ಜಿ ಬೈಯುತ್ತ ಹೋಗಿ ಒಂದು ಬೊಗಸೆ ಬೂಸ ಹಾಕಿದರು. ಗುದ್ದು ನಿಂತಿತು.

"ಇದು ನೋಡು ಕಿಲಾಡಿತನ. ಗುದ್ದಿದ್ರೆ ಹಾಕ್ತೀನಿ ಅಂತ ಅದಕ್ಕೆ ಗೊತ್ತು. ಒಂದು ನಾಲ್ಕು ದಿನ ಹಾಕದೆ ಇದ್ರೆ, ಮೊದ್ಲು ಇನ್ನೂ ಜೋರಾಗಿ ಗುದ್ದಿ, ಆಮೇಲೆ ಬಿಟ್ಬಿಡತ್ತೆ."

ಮತ್ತೆ ಯಾಕೆ ಹಾಕುತ್ತೀರಿ ಎಂದು ಕೇಳಿದೆ. ಆ ಸದ್ದು ತಡೆಯುವುದಕ್ಕಾಗುವುದಿಲ್ಲ, ಹಾಕಿದರೆ ನಿಲ್ಲುತ್ತದೆ, ಅದಕ್ಕೇ ಎಂದರು. ನಾನು ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತೆ. ಹಾಲು ಎಲ್ಲಿ ಎಂದು ಅಮ್ಮ ಒಳಗಿನಿಂದ ಕೂಗಿದ ನೆನಪು.

ಹಸು ಒಂದೇ, ಬಗೆ ಎರಡು. ಹಾಲು ಇಳಿಯುವುದು ಹಸು ಮಾಡುವ ಕೆಲಸವಲ್ಲ, ಅದಕ್ಕೆ ಆಗುವ ಸಂಗತಿ. ಸದ್ದು ಮೊದಲು ಬರುತ್ತದೆ, ಅದರ ಬೆನ್ನಿಗೇ ಅಜ್ಜಿಯ ಕೈ ಕೆಚ್ಚಲಿಗೆ ಬರುತ್ತದೆ. ಎಷ್ಟೋ ದಿನ ಎರಡೂ ಜೊತೆಯಾಗಿ ಬಂದು, ಈಗ ಸದ್ದೊಂದೇ ಸಾಕಾಗಿದೆ. ಹಾಲು ಮುಂಚೆ ಇಳಿಯಲಿ, ಬಿಡಲಿ, ಅಜ್ಜಿ ಕರೆಯಲು ಬಂದೇ ಬರುತ್ತಾರೆ. ಗುದ್ದುವುದು ಮಾತ್ರ ಹಸುವೇ ಮಾಡುವ ಕೆಲಸ. ಗುದ್ದಿದರೆ ಬೂಸ, ಇಲ್ಲದಿದ್ದರೆ ಇಲ್ಲ. ಅಂದರೆ ಕೇಳಬೇಕಾದ ಪ್ರಶ್ನೆ ಗಂಟೆ ಇದೆಯೇ, ಊಟ ಇದೆಯೇ ಎಂಬುದಲ್ಲ. ಅದು ತಾನಾಗಿ ಆಯಿತೇ, ಇಲ್ಲ ಮಾಡಿದ್ದೇ? ಸಿಗುವುದು ಹೇಗಿದ್ದರೂ ಸಿಗುತ್ತಿತ್ತೇ, ಇಲ್ಲ ಮಾಡಿದ್ದಕ್ಕೆ ಸಿಕ್ಕಿತೇ?

ಅದೇ ಕ್ಷಣ ನನ್ನ ಅಂಗೈ ನೆನಪಾಯಿತು. ಹಿಂದಿನ ಮೆಟ್ಟಿಲೂ ನೆನಪಾಯಿತು. ನಾಚಿಕೆಯಾಯಿತು, ನಗುವೂ ಬಂತು.

ಎರಡು ದಿನ ಕೂತು ಹೊಸದಾಗಿ ಬರೆದೆ. ಐಸ್‌ಕ್ಯಾಂಡಿಯನ್ನೂ ಚೀಲವನ್ನೂ ಕ್ರಿಯಾಜನ್ಯದ ಕಡೆಗೆ ಹಾಕಿದೆ, ಅಪ್ಪನ ಬಾಯಿಯ ನೀರನ್ನು ಶಾಸ್ತ್ರೀಯದ ಕಡೆಗೆ. ಚಿತ್ರ ಹಾರಿದಾಗಲೆಲ್ಲ ಪಕ್ಕದ ಮನೆಯವರು ಟಿ.ವಿ.ಯ ತಲೆಗೆ ತಟ್ಟುತ್ತಿದ್ದರು. ಒಮ್ಮೊಮ್ಮೆ ಮಾತ್ರ ಸರಿಹೋಗುತ್ತಿತ್ತು, ಆದ್ದರಿಂದಲೇ ಅವರು ತಟ್ಟುವುದನ್ನು ಬಿಡುತ್ತಿರಲಿಲ್ಲ. ಅದನ್ನೂ ಕ್ರಿಯಾಜನ್ಯಕ್ಕೆ ಸೇರಿಸಿದೆ. ಹತ್ತಾದ ಮೇಲೆ, ಸಿಟ್ಟಿಗೋ ಧೈರ್ಯಕ್ಕೋ, ಹನ್ನೊಂದನೆಯದನ್ನೂ ಬರೆದೆ.

ಶನಿವಾರ ಸ್ಕೂಟರು ಗೇಟು ದಾಟಿತು. ಕೈ ಎಂದಿನಂತೆ ಒದ್ದೆಯಾಯಿತು. ಅದು ನನ್ನ ತಪ್ಪಲ್ಲ, ಆಗಲಿ ಎಂದುಕೊಂಡೆ. ಕಾಲು ಹಿಂದಿನ ಮೆಟ್ಟಿಲ ಕಡೆ ಎಳೆಯಿತು. ಅದು ನನ್ನ ಕೆಲಸ, ಆಗಕೂಡದು. ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಸ್ಟಾಫ್ ರೂಮಿಗೆ ನಡೆದೆ.

ಮೇಷ್ಟ್ರು ಪುಸ್ತಕ ಬಿಡಿಸದೆ ಮೊದಲು ಬಾಯಲ್ಲೇ ಕೇಳಿದರು. ಕೊನೆಯ ಗಂಟೆಗೆ ಹುಡುಗರು ಚೀಲ ತುಂಬುವುದು ಯಾವ ಬಗೆ?

"ಕ್ರಿಯಾಜನ್ಯ ಸಾರ್. ತುಂಬೋದು ಅವರಾಗೇ ಮಾಡೋದು, ಮಾಡಿದ್ರೆ ಬೇಗ ಮನೆಗೆ ಹೋಗಬಹುದು. ಈಗ ತುಂಬಿದ್ರೆ ಉಪಯೋಗ ಇದೆ ಅಂತ ಗಂಟೆ ತಿಳಿಸತ್ತೆ, ಅಷ್ಟೇ."

ಊಟದ ಗಂಟೆಗೆ ಬಾಯಲ್ಲಿ ನೀರೂರಿದರೆ ಎಂದರು. ಅದು ಶಾಸ್ತ್ರೀಯ, ನೀರೂರದಿದ್ದರೂ ಡಬ್ಬಿಯಲ್ಲಿ ಊಟ ಇದ್ದೇ ಇರುತ್ತದೆ ಎಂದೆ. ಅವರು ಹೂಂ ಎಂದು ಪುಸ್ತಕ ತೆರೆದು ಪುಟ ತಿರುವುತ್ತ ಹೋದರು. ಹಸುವಿನ ಪುಟದಲ್ಲಿ ಸ್ವಲ್ಪ ಹೊತ್ತು ನಿಂತರು. ಕೊನೆಯ ಪುಟಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಒಂದು ಸ್ಕೂಟರಿನ ಸದ್ದು ಅಂತ ಬರೆದಿದೀರಲ್ಲ, ಯಾವ ಸ್ಕೂಟರು?"

"ನಿಮ್ಮದೇ ಸಾರ್."

ಪಕ್ಕದ ಮೇಜಿನ ಇತಿಹಾಸದ ಮೇಡಂ ಟೀ ಲೋಟ ಕೆಳಗಿಟ್ಟರು. ಸದ್ದಿಗೆ ಕೈ ಒದ್ದೆಯಾಗುವುದು ಶಾಸ್ತ್ರೀಯ, ಓಡಿಹೋಗಿ ಲೈಬ್ರರಿಯಲ್ಲಿ ಕೂರುವುದು ಕ್ರಿಯಾಜನ್ಯ ಎಂದು ನಾನು ಬರೆದಿದ್ದೆ. ಮೇಷ್ಟ್ರು ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದರು. ಜೂನ್ ತಿಂಗಳ ಕೆಲಸ ಕಿಟಕಿಯಿಂದ ಹೊರಗೆ ಹಾರಿಹೋಯಿತು ಎಂದೇ ನಾನು ತಿಳಿದೆ. ಕೊನೆಗೆ ಅವರು ಮೆಲ್ಲಗೆ ಕೇಳಿದರು:

"ಹಾಗಾದ್ರೆ ನಾನು ಬೈಯೋದು?"

ಸುಮ್ಮನಿರಬಹುದಿತ್ತು. ಆದರೆ ಸುಮ್ಮನಿರುವುದನ್ನು ನನಗೆ ಯಾರೂ ಕಲಿಸಿಲ್ಲ.

"ಅದೂ ಕ್ರಿಯಾಜನ್ಯನೇ ಸಾರ್. ನೀವು ಬೈದ ಕೂಡಲೇ ನಮ್ಮ ಗಲಾಟೆ ನಿಲ್ಲತ್ತೆ. ನಿಲ್ಲತ್ತೆ ಅಂತ ಇನ್ನೂ ಬೈತೀರ. ನಿಮಗೆ ಬೈಯೋದು ಕಲಿಸಿದ್ದು ನಾವೇ."

ಮೇಷ್ಟ್ರು ನಗಲಿಲ್ಲ. ಅವರ ಮುಖ ಒಂದು ಗಳಿಗೆ ಚಿಕ್ಕ ಹುಡುಗನ ಮುಖದಂತಾಯಿತು, ನನಗೆ ಪಾಪ ಎನಿಸಿತು. ಆಮೇಲೆ ಕೆಂಪು ಪೆನ್ನು ತೆಗೆದರು. ಲೈಬ್ರರಿಗೆ ಓಡುವುದರ ಪಕ್ಕದಲ್ಲಿ ನಾನು ಶಿಕ್ಷೆ ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ, ಋಣಾತ್ಮಕ ಬಲವರ್ಧನೆ ಎಂದು ತಿದ್ದಿದರು. ಶಿಕ್ಷೆಯಿಂದ ಮಾಡುವುದು ಕಡಿಮೆಯಾಗುತ್ತದೆ, ನೀವು ಓಡುವುದು ಹೆಚ್ಚಾಯಿತಲ್ಲ, ಕಷ್ಟ ತಪ್ಪಿತು ಎಂದೇ ಹೆಚ್ಚಾಯಿತು ಎಂದು ವಿವರಿಸಿದರು. ಎಷ್ಟು ಚೆನ್ನಾಗಿ ವಿವರಿಸುವ ಮನುಷ್ಯ! ಒಂದು ತಿಂಗಳು ಆ ಪಾಠಗಳನ್ನೆಲ್ಲ ಕಳೆದುಕೊಂಡೆನಲ್ಲ ಎಂದು ಹೊಟ್ಟೆ ಉರಿಯಿತು. ತಿದ್ದಿದ ಸಾಲಿನ ಕೆಳಗೆ ಸಹಿ ಬಿತ್ತು.

ಸೋಮವಾರ ಸ್ಕೂಟರಿನ ಸದ್ದು ಬರಲಿಲ್ಲ. ಕಿಟಕಿಯಿಂದ ಇಣುಕಿದೆ. ಮೇಷ್ಟ್ರು ಗೇಟಿನ ಹೊರಗೇ ಎಂಜಿನ್ ಆರಿಸಿ, ಬೆವರುತ್ತ, ಸ್ಕೂಟರನ್ನು ತಳ್ಳಿಕೊಂಡು ಒಳಗೆ ಬರುತ್ತಿದ್ದರು.

ನಾನು ಪಾಸಾದೆ, ವಿಜಯನಗರದ ಶಾಲೆ ಸೇರಿದೆ. ಈಗ ನಿವೃತ್ತಳಾಗಿದ್ದೇನೆ. ಅಂಥ ಹಳೆಯ ಸ್ಕೂಟರು ಅಪರೂಪಕ್ಕೆ ಎಲ್ಲಾದರೂ ಕೆಮ್ಮುತ್ತ ಹಾದುಹೋದರೆ ನನ್ನ ಅಂಗೈ ಇಂದಿಗೂ ಒದ್ದೆಯಾಗುತ್ತದೆ. ಸೆರಗಿಗೆ ಒರೆಸಿಕೊಂಡು, ಓಡಿಸುವವರು ಅವರೇ ಇರಬಹುದೇನೋ ಎಂದು ರಸ್ತೆಯವರೆಗೂ ಹೋಗಿ ನೋಡುತ್ತೇನೆ.