ವಶೀಲಿ ಎಂದು ದಾಖಲಾದ ಧನ್ಯವಾದ

ಆ ಪತ್ರದ ಬೆಲೆಯನ್ನು ತೆತ್ತವಳು ನನ್ನ ತಂಗಿ. ಅದನ್ನು ವಶೀಲಿ ಎಂದು ಕರೆದ ಸಮಿತಿಯವರಲ್ಲಿ ಯಾರೊಬ್ಬರೂ ಏನನ್ನೂ ತೆರಲಿಲ್ಲ. ಹೀಗೆ ನೇರವಾಗಿ ಹೇಳದೆ ನನ್ನ ನೆನಪುಗಳನ್ನು ಆರಂಭಿಸಿದರೆ, ಮುಂದಿನದೆಲ್ಲ ಎರಡು ಕಡೆಯ ತಪ್ಪುಗ್ರಹಿಕೆಯ ಕಥೆಯಂತೆ ಕಂಡೀತು. ಅದು ತಪ್ಪುಗ್ರಹಿಕೆಯಲ್ಲ, ಅನ್ಯಾಯ.

ನಮ್ಮ ತಂದೆ ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲರಾಗಿದ್ದರು. ಕಾಲುವೆಯ ನೀರು ಬಂದ ಮೇಲೆ ಊರಿನ ಸುತ್ತ ಭತ್ತ, ಕಬ್ಬು ಎರಡೂ ಬೆಳೆದು ನಿಂತವು. ಗಿರಣಿಗಳು ಒಂದರ ಪಕ್ಕ ಒಂದು ಎದ್ದವು. ಚೀಲ ಹೊರುವ ಹೆಗಲುಗಳು ಮಾತ್ರ ಮೊದಲಿನವೇ ಉಳಿದವು. ನನಗೆ ಸಂಡೂರಿನ ಗುಡ್ಡಗಳ ನಡುವಿನ ಒಂದು ವಸತಿ ಶಾಲೆಯಲ್ಲಿ ಉಚಿತ ಪ್ರವೇಶ ಸಿಕ್ಕಿತ್ತು. ಅಲ್ಲಿ ಬೆತ್ತವಿರಲಿಲ್ಲ. ಪ್ರಶ್ನೆ ಕೇಳಿದವರಿಗೆ ಬೈಗುಳವಿರಲಿಲ್ಲ. ಯಾರಾದರೂ ತಮ್ಮ ಸಮಯ ಕೊಟ್ಟು ನಮ್ಮೊಂದಿಗೆ ಮಾತನಾಡಿದರೆ, ಮರುದಿನವೇ ಅವರಿಗೆ ಒಂದು ಚಿಕ್ಕ ಪತ್ರ ಬರೆಯಬೇಕೆಂದು ಅಲ್ಲಿ ಕಲಿಸಿದ್ದರು. ಬರಿದೇ ವಂದನೆ ಸಾಲದು. ಮಾತಿನಲ್ಲಿ ಬಂದ ಒಂದು ವಿಷಯವನ್ನು ನೆನೆದು, ಅದರಿಂದ ನಿಮಗೇನು ಹೊಳೆಯಿತೆಂದು ತಿಳಿಸಬೇಕು, ಏನನ್ನೂ ಬೇಡಬಾರದು ಎಂಬುದು ನಮ್ಮ ಗುರುಗಳ ನಿಯಮ.

ತಂಗಿ ಓದಿದ್ದು ಊರಿನ ಸರ್ಕಾರಿ ಶಾಲೆಯಲ್ಲಿ. ಮನೆಯಲ್ಲಿ ಒಬ್ಬಳಿಗೆ ಸಿಕ್ಕ ಅವಕಾಶ ಇನ್ನೊಬ್ಬಳಿಗೆ ಸಿಗಲಿಲ್ಲ ಎಂಬುದೂ ಒಂದು ಅನ್ಯಾಯವೇ. ಪಿಯುಸಿ ಮುಗಿಸಿದ ಮೇಲೆ ಅವಳು ಎಂಬತ್ತರ ದಶಕದ ಕೊನೆಯಲ್ಲಿ, ಇಂದಿಗೆ ಐದು ವರ್ಷಗಳ ಹಿಂದೆ, ಹೊಸಪೇಟೆಯ ಒಂದು ಶಿಕ್ಷಕಿಯರ ತರಬೇತಿ ಸಂಸ್ಥೆಗೆ ಅರ್ಜಿ ಹಾಕಿದಳು. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಲು ಆ ಪ್ರಮಾಣಪತ್ರ ಬೇಕೇ ಬೇಕು. ಅಂಕಗಳ ಜೊತೆಗೆ ಸಂದರ್ಶನವೂ ಇತ್ತು. ಆಡಳಿತ ಮಂಡಳಿಯ ಇಬ್ಬರು, ಒಬ್ಬ ಪ್ರಾಚಾರ್ಯರು ಮತ್ತು ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಸಮಿತಿಯಲ್ಲಿದ್ದರು.

ಹೊರಗೆ ಬೇವಿನ ಮರದ ಕೆಳಗೆ ನಾನು ಕಾಯುತ್ತಿದ್ದೆ. ತಂಗಿ ಹೊರಬಂದಾಗ ಮುಖ ಕೆಂಪಾಗಿತ್ತು.

“ಹೆಂಗಾತು?”

“ಅಕ್ಕಾ, ಆ ದೊಡ್ಡ ಟೀಚರಮ್ಮ ಭಾಳ ಚಲೋ ಪ್ರಶ್ನೆ ಕೇಳಿದ್ರು. ನಾಟಿ ದಿನದಾಗ ಹುಡುಗ್ಯಾರು ಸಾಲಿಗೆ ಬರಂಗಿಲ್ಲ, ಏನ್ ಮಾಡ್ತಿ ಅಂದ್ರು. ಅವ್ವದೇರು ಗದ್ದ್ಯಾಗ ಇರ್ತಾರ, ಕೂಸು ಹಿಡಿಯಾಕ ಅಂತ ಹುಡುಗ್ಯಾರ್ನ ಮನ್ಯಾಗ ಬಿಟ್ಟಿರ್ತಾರ. ಕೂಸಿನ ಸಮೇತ ಬರ್ರಿ ಅಂತೀನಿ ಅಂದೆ.”

“ಚಲೋ ಹೇಳೀದಿ.”

“ಪೂರ್ತಿ ಕೇಳು. ಕೂಸು ಅಳಾಕ ಹತ್ತಿದ್ರ ಪಾಠ ಹೆಂಗ ಮಾಡ್ತಿ ಅಂದ್ರು. ಉತ್ತರ ಹೊಳೀಲಿಲ್ಲ. ಅವ್ರು ನಕ್ಕು, ಮನೀಗೆ ಹೋಗಿ ಇಚಾರ ಮಾಡವ್ವ ಅಂದ್ರು.”

ಕಂಪ್ಲಿಯ ಬಸ್ಸಿನಲ್ಲಿ ಅವಳು ಅದನ್ನೇ ವಿಚಾರ ಮಾಡಿದಳು. ಊರು ಬರುವ ಹೊತ್ತಿಗೆ ಉತ್ತರ ಸಿಕ್ಕಿತ್ತು. ಅದನ್ನು ಬರೆದು ಕಳುಹಿಸೆಂದು ಹೇಳಿದವಳು ನಾನು. ಅವಳಿಗೆ ಮನಸ್ಸಿರಲಿಲ್ಲ.

“ನಿಮ್ಮ ಗುಡ್ಡದ ಸಾಲ್ಯಾಗ ಥ್ಯಾಂಕ್ಸ್ ಅಂದ್ರ ಥ್ಯಾಂಕ್ಸ್, ಅಕ್ಕಾ. ನಮ್ಮ ಕಡಿ ಥ್ಯಾಂಕ್ಸ್ ಅಂದ್ರ, ಇನ್ನೂ ಏನೋ ಬೇಕಾಗೈತಿ ಅಂತ ಅರ್ಥ.”

“ಅವರೇ ವಿಚಾರ ಮಾಡು ಅಂದಾರಲ್ಲ? ಮಾಡೀನಿ ಅಂತ ತಿಳಿಸೋದು ಮರ್ಯಾದಿ.”

ಮರುದಿನ ಬೆಳಿಗ್ಗೆ ನೀಲಿ ಇನ್‌ಲ್ಯಾಂಡ್ ಕಾಗದದ ಮೇಲೆ ಅವಳು ತನ್ನ ಕೈಯಾರೆ ಬರೆದಳು. ಅದರ ಮಾತುಗಳು ನನಗೆ ಬಾಯಿಪಾಠವಾಗಿವೆ: “ಮಾನ್ಯರೇ, ನಿನ್ನೆ ನನ್ನ ಸಂದರ್ಶನಕ್ಕೆ ಸಮಯ ನೀಡಿದ ಸಮಿತಿಯ ಎಲ್ಲರಿಗೂ ವಂದನೆಗಳು. ಕೂಸುಗಳು ತರಗತಿಯಲ್ಲಿದ್ದರೆ ಪಾಠ ಹೇಗೆ ನಡೆದೀತು ಎಂಬ ಪ್ರಶ್ನೆಗೆ ನನ್ನಿಂದ ಉತ್ತರಿಸಲಾಗಲಿಲ್ಲ. ಈಗ ಹೀಗೆ ತೋರುತ್ತದೆ: ಬೆಳಗಿನ ಹೊತ್ತು ಹಾಡು ಮತ್ತು ಬಾಯಿಲೆಕ್ಕ ಇಟ್ಟುಕೊಂಡು, ಕೂಸುಗಳು ನಿದ್ದೆ ಹೋದ ಮೇಲೆ ಬರವಣಿಗೆ ಮಾಡಿಸಬಹುದು. ಇಂಥ ಪ್ರಶ್ನೆಗಳನ್ನು ಕೇಳುವ ಸಂಸ್ಥೆಯಲ್ಲಿಯೇ ತರಬೇತಿ ಪಡೆಯಬೇಕೆಂಬ ನನ್ನ ಆಸಕ್ತಿ ಈಗ ಇನ್ನೂ ಹೆಚ್ಚಾಗಿದೆ.” ಕೊನೆಯಲ್ಲಿ “ದಯವಿಟ್ಟು ಸೀಟು ಕೊಡಬೇಕು” ಎಂದು ಸೇರಿಸಲು ಹೊರಟವಳನ್ನು ನಾನು ತಡೆದೆ. ಪತ್ರ ಅನಾಥವಾಗದಿರಲೆಂದು ಮೇಲ್ಭಾಗದಲ್ಲಿ ಅರ್ಜಿಯ ಸಂಖ್ಯೆ ಬರೆದಳು. ಸಮಿತಿಯ ಅಧ್ಯಕ್ಷರ ವಿಳಾಸಕ್ಕೆ ಅಂಚೆಗೆ ಹಾಕಿ ಬಂದೆವು.

ಆಯ್ಕೆಪಟ್ಟಿ ಸಂಸ್ಥೆಯ ಫಲಕದ ಮೇಲೆ ಬಿದ್ದಾಗ ಅವಳ ಹೆಸರಿರಲಿಲ್ಲ. ಅವಳಿಗಿಂತ ಕಡಿಮೆ ಅಂಕ ಪಡೆದ ಎಮ್ಮಿಗನೂರಿನ ಸಹಪಾಠಿಯ ಹೆಸರಿತ್ತು. ಆ ಹುಡುಗಿಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಕಚೇರಿಯ ಗುಮಾಸ್ತರ ಮೇಜಿಗೆ ಹೋಗಿ ಕೇಳಿದೆವು. ಅವರು ಕೆಟ್ಟವರಲ್ಲ, ಕುರ್ಚಿ ಎಳೆದುಕೊಟ್ಟು, ಕುಂದ್ರಿ ಅಂದರು. ಕಡತ ತೆರೆದು ತಂಗಿಯ ನೀಲಿ ಕಾಗದವನ್ನು ತೋರಿಸಿದರು. ಬಂದ ಕಾಗದಗಳನ್ನು ಪುಸ್ತಕದಲ್ಲಿ ದಾಖಲಿಸಿ ಒತ್ತುವ ಇನ್‌ವರ್ಡ್ ಮುದ್ರೆ, ಸಂಖ್ಯೆ ಎರಡೂ ಅದರ ಮೇಲೆ ಬಿದ್ದಿದ್ದವು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ “ವಶೀಲಿ, ನಿಯಮದಂತೆ ಅನರ್ಹ” ಎಂದು ಬರೆದಿತ್ತು.

“ಸಂದರ್ಶನ ಆದಮ್ಯಾಲೆ, ಪಟ್ಟಿ ಬೀಳಾಕ ಮುಂಚೆ, ಅಭ್ಯರ್ಥಿ ನಂಬರ್ ಹಾಕಿ ಏನ್ ಕಾಗದ ಬಂದ್ರೂ ನಾವು ವಶೀಲಿ ಫೈಲಿಗೆ ಹಾಕ್ತೀವ್ರಿ. ಮೊದಲಿನಿಂದ ಹಂಗ ನಡಕೊಂಡು ಬಂದೈತಿ,” ಎಂದರು ಗುಮಾಸ್ತರು.

“ಓದಿದ್ರೇನ್ರಿ ಇದನ್ನ?” ಎಂದೆ.

“ಓದೋ ಪದ್ಧತಿ ಇಲ್ರಿ. ನಂಬರ್ ನೋಡ್ತೀವಿ, ಹಾಕ್ತೀವಿ. ಪಾಪ, ನಂಬರ್ ಹಾಕದಿದ್ರ ರದ್ದಿಗೆ ಹೋಗ್ತಿತ್ತು, ನೀವು ಉಳೀತಿದ್ರಿ.”

“ಬ್ಯಾರೆದವ್ರಿಗೆ ಯಾರೂ ವಶೀಲಿ ಮಾಡೇ ಇಲ್ಲೇನ್ರಿ? ಗಿರಣಿ ಸಾವ್ಕಾರ್ರು, ಲೀಡರ್‌ಗಳು ಫೋನ್ ಮಾಡಂಗಿಲ್ಲೇನು?”

ಗುಮಾಸ್ತರು ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದರು. “ಫೋನಿಗೆ ಇನ್‌ವರ್ಡ್ ನಂಬರ್ ಬೀಳಂಗಿಲ್ರಿ, ಅಕ್ಕಾರ.”

ನನ್ನ ಇಡೀ ಜೀವನದಲ್ಲಿ ಆಡಳಿತದ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ಹೇಳಿಕೆಯನ್ನು ನಾನು ಕೇಳಿಲ್ಲ. ಸದ್ದಿಲ್ಲದೆ ಬಂದ ಒತ್ತಡ ಶುದ್ಧವಾಗಿತ್ತು. ಸಹಿ ಹಾಕಿ ಬಂದ ವಂದನೆ ಅಪರಾಧವಾಗಿತ್ತು. ನಾನು ಅಲ್ಲಿಯೇ ಒಂದು ಮನವಿ ಬರೆಯುತ್ತೇನೆಂದು ಹಾಳೆ ಕೇಳಿದೆ. ಗುಮಾಸ್ತರು ಕೈ ಅಡ್ಡ ಇಟ್ಟರು.

“ಬರೀಬ್ಯಾಡ್ರಿ. ಬರದ್ರ ಅದಕ್ಕೂ ಈಕಿ ನಂಬರ್ ಹಾಕಬೇಕು. ಹಾಕಿದ್ರ ಅದೂ ಇದೇ ಫೈಲಿಗೆ ಬರ್ತೈತಿ. ಫೈಲ್ ದಪ್ಪ ಆದಷ್ಟೂ, ಭಾಳ ವಶೀಲಿ ಮಾಡ್ಯಾರ ಅಂತಾರ.”

ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡದ್ದು ಹೀಗೆ. ಸುಮ್ಮನಿದ್ದರೆ ಅನರ್ಹತೆ ಉಳಿಯುತ್ತದೆ. ವಿವರಿಸಿದರೆ ವಿವರಣೆಯೇ ಹೊಸ ಅಪರಾಧ. ಪ್ರಾಚಾರ್ಯರು ಭೇಟಿಗೆ ಒಪ್ಪಲಿಲ್ಲ, ಏಕೆಂದರೆ ಅಭ್ಯರ್ಥಿಯ ಕಡೆಯವರನ್ನು ಭೇಟಿಯಾಗುವುದೂ ವಶೀಲಿಗೆ ಅವಕಾಶ ಕೊಟ್ಟಂತೆ. ಉಳಿದವರು ಆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಅವರ ಮನೆ ಹೊಸಪೇಟೆಯಲ್ಲೇ ಇತ್ತು. ತಂಗಿಯನ್ನು ಕಂಡ ತಕ್ಷಣ ಗುರುತಿಸಿದರು.

“ಕೂಸಿನ ಹುಡುಗಿ ಅಲ್ಲೇನವ್ವ ನೀನು? ಬಾ. ಇಚಾರ ಮಾಡಿದೇನು?”

ತಂಗಿ ಪತ್ರದಲ್ಲಿ ಬರೆದದ್ದನ್ನು ಬಾಯಲ್ಲಿ ಹೇಳಿದಳು. ಅವರು ಕನ್ನಡಕ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

“ಚಲೋ ಐತಿ. ಬಾಯಿಲೆಕ್ಕದಾಗ ಕೂಸುಗಳು ಚಪ್ಪಾಳಿ ತಟ್ಟಿದ್ರೂ ನಡೀತೈತಿ. ಇದನ್ನ ನನಗ್ಯಾಕ ಬರೀಲಿಲ್ಲ?”

“ಬರದೆ ರೀ. ಸಮಿತಿಗೆ ಬರದೆ.”

ಆ ಪತ್ರವನ್ನು ಅವರಿಗೆ ಯಾರೂ ತೋರಿಸಿರಲಿಲ್ಲ. ಅನರ್ಹರ ಹೆಸರುಗಳನ್ನು ಸಭೆಯಲ್ಲಿ ಓದಿ ಸಹಿ ಹಾಕಿಸಿಕೊಂಡಿದ್ದರು, ಅಷ್ಟೇ. ನಡೆದದ್ದನ್ನೆಲ್ಲ ಕೇಳಿ ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

“ನಾ ಸಭೆದಾಗ ನಿನ್ನ ಹೆಸರು ಎತ್ತಿದ್ರ, ನೀ ನಮ್ಮನಿಗೆ ಬಂದಿದ್ದಿ ಅಂತ ಮೊದಲು ಹೇಳಬೇಕಾಗ್ತೈತಿ. ಮನೀಗೆ ಬಂದಿದ್ಲು ಅಂದ್ರ ಮುಗೀತು, ಅದ ದೊಡ್ಡ ವಶೀಲಿ. ಹೇಳದೆ ಎತ್ತಿದ್ರ ನಾನ ಸುಳ್ಳಿ ಆಗ್ತೀನಿ,” ಎಂದರು. ಬಳಿಕ ತಮಗೆ ತಾವೇ ಎಂಬಂತೆ, “ಓದದೇ ಸಹಿ ಮಾಡಿದ್ನಲ್ಲ” ಅಂದರು.

ಅವರ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಆದರೆ ಓದದೆ ಹಾಕಿದ ಸಹಿಯೂ ಸಹಿಯೇ. ಅದನ್ನೂ ಇಲ್ಲಿ ದಾಖಲಿಸುತ್ತೇನೆ.

ಮನೆಗೆ ಬಂದಾಗ ತಂದೆ ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದರು. ಹೆಗಲ ಮೇಲೆ ತೌಡು ಅಂಟಿತ್ತು. ಎಲ್ಲವನ್ನೂ ಕೇಳಿಸಿಕೊಂಡು, “ಸಾವ್ಕಾರ್ರ ಕಿವಿಗೆ ಒಂದ್ ಮಾತು ಹಾಕ್ಲೇನು? ಆಡಳಿತ ಮಂಡಳಿ ಅವ್ರೆಲ್ಲ ಅವರಿಗೆ ಪರಿಚಯ. ಒಂದ್ ಫೋನ್ ಹೊಡೀತಾರ,” ಅಂದರು.

ನಾನು ಬಾಯಿ ತೆರೆಯುವ ಮೊದಲೇ ತಂಗಿ ನಕ್ಕಳು. ಅದು ಸಂತೋಷದ ನಗುವಾಗಿರಲಿಲ್ಲ.

“ಅಪ್ಪಾ, ವಶೀಲಿ ಮಾಡೀದಿ ಅಂತ ಹೊರಗ ಹಾಕ್ಯಾರ. ಈಗ ಖರೇನ ವಶೀಲಿ ಮಾಡಿದ್ರ ಒಳಗ ಕರೀತಾರೇನು? ಅಂಥಾ ಸಾಲ್ಯಾಗ ಕಲ್ತು ನಾ ಹುಡುಗ್ಯಾರಿಗೆ ಏನ್ ಹೇಳ್ಲಿ?”

“ಹಂಗಂದ್ರ ಸೀಟು ಹೋತಲ್ಲವ್ವಾ.”

“ಹೋತು ಬಿಡಪ್ಪಾ.”

ಅವಳು ಒಳಗೆ ಹೋಗಿ ರೊಟ್ಟಿಯ ಹಿಟ್ಟು ನಾದಲು ಕುಳಿತಳು. ನಾನು ಸಮಾಧಾನ ಹೇಳಲು ಹೋದಾಗ, “ಅಕ್ಕಾ, ಇದಕ್ಕ ನನಗೊಂದು ಥ್ಯಾಂಕ್ಸ್ ಕಾಗದ ಬರದಿ ಅಂದ್ರ ನೋಡು,” ಎಂದಳು. ಇಬ್ಬರೂ ನಕ್ಕೆವು, ಅವಳು ಮೊದಲು ನಿಲ್ಲಿಸಿದಳು.

ಮುಂದಿನ ವರ್ಷ ಅವಳು ಮತ್ತೆ ಅರ್ಜಿ ತಂದಳು. ಹಿಂದೆಂದಾದರೂ ವಶೀಲಿಯ ಕಾರಣಕ್ಕೆ ಅನರ್ಹರಾಗಿದ್ದೀರಾ ಎಂಬ ಕಲಂ ಅದರಲ್ಲಿತ್ತು. ಹೌದೆಂದರೆ ಅರ್ಜಿ ತಿರಸ್ಕೃತ. ಇಲ್ಲವೆಂದರೆ ಸುಳ್ಳು ಘೋಷಣೆ. ಅವಳು ಹೌದು ಎಂದು ಬರೆದಳು. ಸಂದರ್ಶನಕ್ಕೆ ಕರೆ ಬರಲಿಲ್ಲ. ಈಗ ಊರಿನ ಶಾಲೆಯಲ್ಲಿ, ಮೇಷ್ಟ್ರು ಕಡಿಮೆ ಬಿದ್ದಾಗಲೆಲ್ಲ, ಪ್ರಮಾಣಪತ್ರವಿಲ್ಲದ ಬದಲಿ ಶಿಕ್ಷಕಿಯಾಗಿ ಅವಳನ್ನು ಕರೆಯುತ್ತಾರೆ, ಕೆಲಸ ಮುಗಿದ ಮೇಲೆ ಕಳುಹಿಸುತ್ತಾರೆ. ನಾಟಿಯ ದಿನಗಳಲ್ಲಿ ಅವಳ ತರಗತಿಗೆ ಹುಡುಗಿಯರು ಕೂಸುಗಳನ್ನು ಎತ್ತಿಕೊಂಡು ಬರುತ್ತಾರೆ. ಇದನ್ನು ಒಂದು ಗೆಲುವೆಂದು ಬಣ್ಣಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವಳಿಗೆ ಸಂಬಳದ ಹುದ್ದೆ ಸಿಗಬೇಕಿತ್ತು. ಸಿಕ್ಕಿದ್ದು ಬೇರೆಯವರ ರಜೆಯ ದಿನಗಳು. ಪತ್ರ ಬರೆಯಬಾರದಿತ್ತು ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಅದನ್ನು ಓದಬೇಕಿತ್ತು.

ಆ ಸಂಸ್ಥೆಯ ಆಡಳಿತ ಮಂಡಳಿಯವರೇ, ಆಯ್ಕೆ ಸಮಿತಿಯವರೇ, ಇದು ಮನವಿಯಲ್ಲ. ಆದ್ದರಿಂದ ಇದರ ಮೇಲೆ ಅರ್ಜಿಯ ಸಂಖ್ಯೆಯನ್ನು ಹಾಕಿಲ್ಲ. ಈ ವರ್ಷದ ಸಂದರ್ಶನಗಳು ಆರಂಭವಾಗುವ ಮುನ್ನ ನನ್ನ ತಂಗಿಯ ಪತ್ರವನ್ನು ಆ ಕಡತದಿಂದ ಹೊರತೆಗೆಯಿರಿ. ನಿಮ್ಮ ಸಭೆಯಲ್ಲಿ ಅದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿಸಿ. ಅದರಲ್ಲಿ ಬೇಡಿಕೆಯ ಒಂದು ಶಬ್ದವಾದರೂ ಇದ್ದರೆ ನಮಗೆ ತೋರಿಸಿ. ಇಲ್ಲದಿದ್ದರೆ, ಅವಳ ಹೆಸರಿನೆದುರು ಬರೆದ ಅನರ್ಹತೆಯನ್ನು ಲಿಖಿತವಾಗಿ ರದ್ದುಪಡಿಸಿ, ಅವಳ ವಯೋಮಿತಿ ಮೀರುವ ಮೊದಲು ಅವಳನ್ನು ಸಂದರ್ಶನಕ್ಕೆ ಕರೆಯಿರಿ. ಮತ್ತು ನಿಮ್ಮ ಕಚೇರಿಗೆ ಬರುವ ಪ್ರತಿಯೊಂದು ಫೋನ್ ಕರೆಗೂ, ಮಾಡಿದವರ ಹೆಸರಿನೊಂದಿಗೆ, ಅದೇ ಪುಸ್ತಕದಲ್ಲಿ ಇನ್‌ವರ್ಡ್ ಸಂಖ್ಯೆ ಹಾಕಿರಿ.