ಅಡವಿಯಪ್ಪನ ಟಾರ್ಚು

ಗುಬ್ಬಿಯಲ್ಲಿ ಟಿವಿ ಕೆಟ್ಟರೆ ಜನ ಮೊದಲು ಅದರ ತಲೆಗೆ ಎರಡು ತಟ್ಟುತ್ತಾರೆ, ಆಮೇಲೆ ಅಡವಿಯಪ್ಪನಿಗೆ ಫೋನ್ ಮಾಡುತ್ತಾರೆ. ತುಮಕೂರಿನ ಉಸ್ತಾದರ ಹತ್ತಿರ ಡಬ್ಬಿ ಟಿವಿ ಕಾಲದಿಂದ ಕೆಲಸ ಕಲಿತ ಮನುಷ್ಯ. ಕಲಿತದ್ದನ್ನೆಲ್ಲ ಇಟ್ಟುಕೊಂಡಿದ್ದ, ಉಸ್ತಾದರ ಒಂದು ಚಾಳಿಯನ್ನೂ ಸೇರಿಸಿ: ಏನನ್ನಾದರೂ ಸೂಕ್ಷ್ಮವಾಗಿ ನೋಡಬೇಕಾದರೆ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಎಡಗಣ್ಣಲ್ಲೇ ನೋಡುವುದು. ಸಕ್ಕರೆ ಕಾಯಿಲೆ ಬಂದು ಎಷ್ಟೋ ವರ್ಷವಾಗಿತ್ತು. ಕಣ್ಣು ತೋರಿಸಿ ಅಂತ ಡಾಕ್ಟರು ಹೇಳಿದ್ದನ್ನು ಮಾತ್ರ ಆತ ಕಿವಿಗೇ ಹಾಕಿಕೊಂಡಿರಲಿಲ್ಲ.

ಅವತ್ತು ಬೆಳಿಗ್ಗೆ ಬೆಳ್ಳಾವಿಗೆ ಒಂದು ಟಿವಿ ನೋಡಲು ಹೊರಟಾಗಲೇ ಯಾಕೋ ಎಲ್ಲ ಸರಿಯಿರಲಿಲ್ಲ. ಎಡಗಡೆಯ ತೋಟದ ದಾರಿಯಿಂದ ಒಂದು ಟ್ರ್ಯಾಕ್ಟರ್ ಮೈಮೇಲೆ ಬಂದಂತೆ ಬಂತು. ಆತನ ಬೈಕು ರಸ್ತೆ ಬಿಟ್ಟು ಇಳಿಯಿತು. ಟ್ರ್ಯಾಕ್ಟರಿನವನನ್ನು ಬಾಯಿಗೆ ಬಂದಂತೆ ಬೈದು ಮುಂದೆ ಹೋದ.

ಸಿದ್ದಗಂಗಮ್ಮನ ಮನೆಯ ಟಿವಿಯಲ್ಲಿ ಮಾತು ಬರುತ್ತಿತ್ತು, ಪರದೆ ಕಪ್ಪು.

"ನಿನ್ನೆಯಿಂದ ಹಿಂಗೇ ಕಣಪ್ಪ. ಮೊನ್ನೆ ಒಂದೆರಡು ಸಲ ಮಿಣಕ್ ಅಂತು, ಆಮೇಲೆ ಕತ್ತಲೆ. ವಚನ ಹೇಳೋದು ಕೇಳುಸ್ತದೆ, ಹೇಳೋರು ಕಾಣ್ಸಲ್ಲ," ಅಂದರು ಆಕೆ.

"ನೋಡಾಣ ಇರಿ ಅಮ್ಮ. ಮಾತು ಬರ್ತದೆ ಅಂದ್ರೆ ಒಳಗೆ ಜೀವ ಐತೆ."

ರಿಮೋಟಿನಲ್ಲಿ ಮೆನು ಒತ್ತಿದ. ಮೆನು ಕಾಣಲಿಲ್ಲ. ಅದು ಟಿವಿಯೇ ಬರೆಯುವ ಚಿತ್ರ. ಅದೂ ಕಾಣದಿದ್ದರೆ ಕೇಬಲ್ ಬಾಕ್ಸನ್ನು ಬೈದು ಪ್ರಯೋಜನವಿಲ್ಲ. ತಪ್ಪು ಟಿವಿಯೊಳಗೇ. ಮೆನು ಹಾಗೇ ಇರಲೆಂದು ರಿಮೋಟು ಆಕೆಯ ಕೈಗೆ ಕೊಟ್ಟು, ಕಿಟಕಿಗೆ ಕಂಬಳಿ ಇಳಿಬಿಟ್ಟು, ಟಾರ್ಚನ್ನು ಪರದೆಗೆ ಹತ್ತಿರ ಓರೆಯಾಗಿ ಹಿಡಿದ. ಇಲ್ಲಿಗೆ ಬಂದರೆ ದಾರಿ ಎರಡಾಗುತ್ತದೆ. ಟಾರ್ಚಿನ ಬೆಳಕಲ್ಲಿ ಮಸುಕಾಗಿ ಚಿತ್ರ ಕಂಡರೆ ಗಾಜಿನಲ್ಲಿ ಚಿತ್ರವಿದೆ, ಅದರ ಹಿಂದೆ ಬೆಳಕು ಕೊಡುವ ಎಲ್‌ಇಡಿ ಪಟ್ಟಿ ಹೋಗಿದೆ ಅಷ್ಟೆ. ಹೊಸ ಪಟ್ಟಿ ಹಾಕಿದರೆ ಟಿವಿ ಉಳಿಯುತ್ತದೆ. ಏನೂ ಕಾಣದಿದ್ದರೆ ಚಿತ್ರವೇ ಗಾಜಿಗೆ ಬರುತ್ತಿಲ್ಲ. ಬೋರ್ಡೋ, ಪ್ಯಾನೆಲ್ ಅನ್ನುವ ಆ ಗಾಜೋ ಹೋಗಿರುತ್ತದೆ. ಪ್ಯಾನೆಲ್ ಹೋದರೆ ಗುಜರಿಯೇ ಗತಿ.

ಬಲಗಣ್ಣು ಮುಚ್ಚಿ ನೋಡಿದ. ಏನೂ ಇರಲಿಲ್ಲ.

ಹಿಂದಿನ ಮುಚ್ಚಳ ಬಿಚ್ಚಿದ. ಗಾಜಿಗೆ ಚಿತ್ರ ಹಂಚುವ ಚಿಕ್ಕ ಬೋರ್ಡಿಗೆ ಹನ್ನೆರಡು ವೋಲ್ಟು ಸರಿಯಾಗಿ ಬರುತ್ತಿತ್ತು, ಫ್ಯೂಸು ಚೆನ್ನಾಗಿತ್ತು. ಪ್ಲಗ್ಗು ಕಿತ್ತು, ಗಾಜಿಗೆ ಹೋಗುವ ಚಪ್ಪಟೆ ಕೇಬಲ್ಲನ್ನು ಬಿಡಿಸಿ ಮತ್ತೆ ಕೂರಿಸಿದ. ಆಮೇಲೆ ಎಲ್‌ಇಡಿಗೆ ಹೋಗುವ ತಂತಿಗೆ ಮೀಟರು ಹಿಡಿದು ಆನ್ ಮಾಡಿದ. ವೋಲ್ಟು ಜಿಗಿದು ಮೇಲೇರಿ, ತಕ್ಷಣ ಕುಸಿಯಿತು. ಬೋರ್ಡು ಕೊಡುತ್ತಿದೆ, ಪಟ್ಟಿ ತೆಗೆದುಕೊಳ್ಳುತ್ತಿಲ್ಲ. ಒಂದು ಎಲ್‌ಇಡಿ ಸುಟ್ಟು ಸಾಲು ತುಂಡಾದರೆ ಹೀಗೇ ಆಗುತ್ತದೆ.

ಹಾಗಾದರೆ ಪಟ್ಟಿ ಹೋಗಿದೆ. ಸರಿ, ಚಿತ್ರ ಯಾಕೆ ಕಾಣಲಿಲ್ಲ? ಎರಡೂ ಒಟ್ಟಿಗೆ ಹೋಗುವುದು ಅಪರೂಪ. ಆತನಿಗೆ ಒಳಗೊಳಗೇ ಅಳುಕು ಶುರುವಾಯಿತು. ಪ್ಲಗ್ಗು ಹಾಗೇ ಇಟ್ಟು ಮುಂದೆ ಬಂದು ಮತ್ತೆ ಟಾರ್ಚು ಹಿಡಿದ, ಬಲಗಣ್ಣು ಮುಚ್ಚಿದ. ಕಪ್ಪು.

"ಪ್ಯಾನೆಲ್ಲೂ ಹೋದಂಗದೆ ಅಮ್ಮ," ಅಂದ.

ಸಿದ್ದಗಂಗಮ್ಮ ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದರು. "ಅಲ್ಲಪ್ಪ, ಅದೇನು ಅದು, ಮಬ್ಬಾಗಿ? ಸ್ವಾಮಿಗಳು ಕೂತವ್ರಲ್ಲ, ಕೈ ಆಡುಸ್ತಾವ್ರೆ."

"ಎಲ್ಲಿ?"

"ನೀನು ಬೆಳಕು ಬುಟ್ಟಿರೋ ತಾವೇ."

ಅಡವಿಯಪ್ಪ ಇನ್ನಷ್ಟು ಹತ್ತಿರ ಬಗ್ಗಿದ. ಟಾರ್ಚು ಅಲುಗಿಸದೆ ಅಂಗೈಯನ್ನು ಬಲಗಣ್ಣಿನಿಂದ ಎಡಗಣ್ಣಿಗೆ ತಂದ. ಕಂಡಿತು. ಹೊಗೆಯಂತೆ ಮಸುಕಾಗಿ, ಕೂತ ಮನುಷ್ಯ, ಆಡುವ ಕೈ. ಅಂಗೈಯನ್ನು ಬಲಗಣ್ಣಿಗೆ ತಂದ. ಮನುಷ್ಯನಿಲ್ಲ. ಮತ್ತೆ ಬದಲಿಸಿದ, ಮತ್ತೆ ನೋಡಿದ. ನಂಬದವನ ಹಾಗೆ ಎಷ್ಟು ಸಲ ಮಾಡಿದನೋ.

ಕೊನೆಗೆ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದ. ಎಡಗಣ್ಣಿಗೆ ಅದರ ದೊಡ್ಡ ಅಂಕಿಗಳೂ ಬೂದಿಯಲ್ಲಿ ಕರಗಿದ್ದವು. ಎರಡೂ ಕಣ್ಣು ತೆರೆದರೆ ಎಲ್ಲ ಸರಿಯಾಗೇ ಕಾಣುತ್ತಿತ್ತು. ಅದಕ್ಕೇ ಗೊತ್ತಾಗಿರಲಿಲ್ಲ. ಬಲಗಣ್ಣು ಇಷ್ಟು ದಿನ ಇಬ್ಬರ ಕೆಲಸ ಮಾಡುತ್ತಿತ್ತು, ಅದು ಎಷ್ಟು ದಿನ ಮಾಡುತ್ತದೋ ಯಾರಿಗೆ ಗೊತ್ತು.

ಆಗ ರಾಮಾಂಜಿನಯ್ಯ ನೆನಪಾದ. ಹೋದ ತಿಂಗಳು ಇದೇ ಟಾರ್ಚು, ಇದೇ ಕಣ್ಣು, ಇದೇ ಮಾತು. ಪ್ಯಾನೆಲ್ ಹೋಯ್ತು ಅಂದಿದ್ದಕ್ಕೆ ಆತ ಟಿವಿಯನ್ನು ಗುಜರಿಗೆ ಹಾಕಿದ್ದ. ಅದಕ್ಕೂ ಮುಂಚೆ ಕದರಯ್ಯನದು. ಇನ್ನೂ ಯಾರದ್ದೋ.

"ಏನಪ್ಪ? ಹೋಯ್ತಾ ಇದು?"

"ಇಲ್ಲಮ್ಮ. ಪಟ್ಟಿ ತಂದು ಹಾಕಿದ್ರೆ ಬರ್ತದೆ." ಆಮೇಲೆ ಕೇಳಿದ, "ಗಾಜು ಬಿಚ್ಚೋ ಕೆಲಸ ಸೂಕ್ಷ್ಮ. ಇನ್ನೊಬ್ಬರನ್ನ ಜೊತೆಗೆ ಕರ್ಕೊಂಡು ಬರ್ಲಾ?"

"ಕರ್ಕೊಂಡ್ ಬಾ, ಅದಕ್ಕೇನು."

ಮುಚ್ಚಳ ಹಾಕುವಾಗ ಸ್ಕ್ರೂಗಳು ಒಂದೂ ತೂತಿಗೆ ನೇರ ಕೂರಲಿಲ್ಲ. ಕಂಬಳಿ ತೆಗೆದರೂ ಕೋಣೆ ಆತನಿಗೆ ಪೂರ್ತಿ ಬೆಳಕಾದಂತೆ ಅನಿಸಲಿಲ್ಲ. ಹೊರಗೆ ಬಂದು ಗಾಡಿ ಏರಿ ಕೀ ತಿರುಗಿಸಿದ. ಮನೆ ಪಕ್ಕದ ತೋಟದ ಕಡೆಯಿಂದ, ಎಡಗಡೆಯಿಂದ, ಟ್ರ್ಯಾಕ್ಟರಿನ ಸದ್ದು ಬರುತ್ತಿತ್ತು. ಕತ್ತು ತಿರುಗಿಸದೆ ಎಡಗಣ್ಣಂಚಿನಲ್ಲೇ ನೋಡಿದ. ಸದ್ದು ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು, ಆ ಕಡೆ ಏನೂ ಕಾಣಲಿಲ್ಲ. ಅಡವಿಯಪ್ಪ ಗಾಡಿ ಆಫ್ ಮಾಡಿ ಕೆಳಗಿಳಿದು, ಗುಬ್ಬಿ ಕಡೆಗೆ ತಳ್ಳಿಕೊಂಡು ಹೊರಟ.